ಅಪ್‌ಡೇಟ್: ಮಾವನ ವಾಯ್ಸ್ ಮೆಸೇಜ್ ಅರ್ಥ ಆಯ್ತು

ನಾನು ಕೇಳಿದ್ದು: “ಧಾರವಾಡ ಕಡೆಯ ಸೋದರಮಾವನ ವಾಯ್ಸ್ ಮೆಸೇಜನ್ನು ಶಿಷ್ಟ ಕನ್ನಡಕ್ಕೂ, ಕನ್ನಡ ಬಾರದ ಮಕ್ಕಳಿಗಾಗಿ ಇಂಗ್ಲಿಷಿಗೂ ತರುವುದು ಹೇಗೆ?”

ವಾಟ್ಸಾಪ್‌ನಲ್ಲಿ ವೇಗ ಹೆಚ್ಚಿಸಬಹುದು, ತಗ್ಗಿಸಲಾಗದು. ಹಾಗಾಗಿ ಆಡಿಯೋವನ್ನು VLCಗೆ ಕಳಿಸಿ 0.75 ವೇಗದಲ್ಲಿ ಕೇಳಿ, ಏನನ್ನೂ ತಿದ್ದದೆ ಕೇಳಿಸಿದ ಹಾಗೇ ಬರೆದುಕೊಂಡೆ:

“ಜ್ವಾಳದ ರಾಶಿ ನಡದೈತಿ, ಈ ವಾರ ನಾ ಬರಂಗಿಲ್ಲ. ನೀನ ಬಂದ್ರ ಚೊಲೋ ಆಕ್ಕೈತಿ.”

‘ಚೊಲೋ’ ಗೊತ್ತಿಲ್ಲದವರು ಹೇಗೂ ಕೇಳಿ ತಿಳಿದುಕೊಳ್ಳುತ್ತಾರೆ. ತೊಂದರೆ ಕೊಡುವುದು ಗೊತ್ತಿರುವಂತೆ ಕಾಣುವ ಪದಗಳು. ‘ರಾಶಿ’ ಇಲ್ಲಿ ಗುಡ್ಡೆಯಲ್ಲ, ತೆನೆ ಬಡಿದು ಕಾಳು ಬೇರ್ಪಡಿಸುವ ಒಕ್ಕಣೆ ಕೆಲಸ. ‘ನಡದೈತಿ’ ಅಂದರೆ ನಡೆಯುತ್ತಿದೆ. ಎಲ್ಲಕ್ಕಿಂತ ಅಪಾಯದ್ದು ‘ಬರಂಗಿಲ್ಲ’. ಬೆಂಗಳೂರು ಕಿವಿಗೆ ಅದು ‘ಬರೋ ಹಾಗಿಲ್ಲ’, ಅಂದರೆ ಯಾರೋ ತಡೆದಿದ್ದಾರೆ ಅನ್ನಿಸುತ್ತದೆ. ಅಲ್ಲಿ ಅದು ಬರೀ ‘ಬರುವುದಿಲ್ಲ’. ‘ಹೋಗಂಗಿಲ್ಲ’, ‘ತಿನ್ನಂಗಿಲ್ಲ’ ಕೂಡ ಹಾಗೇ. ‘ನೀನ’ದ ಕೊನೆಯ ಅಕಾರ ಒತ್ತು ಕೊಡುತ್ತದೆ: ನೀನೇ.

ಶಿಷ್ಟ ರೂಪ: “ಜೋಳದ ಒಕ್ಕಣೆ ನಡೆಯುತ್ತಿದೆ, ಈ ವಾರ ನಾನು ಬರುವುದಿಲ್ಲ. ನೀನೇ ಬಂದರೆ ಒಳ್ಳೆಯದಾಗುತ್ತದೆ.”

ಇಂಗ್ಲಿಷನ್ನು ಈ ಸಾಲಿನಿಂದಲೇ ಮಾಡಬೇಕು, ಮೂಲದಿಂದ ನೇರವಾಗಿ ಅಲ್ಲ: “ವಿ ಆರ್ ಥ್ರೆಶಿಂಗ್ ದ ಸೋರ್ಗಮ್, ಸೋ ಐ ವೋಂಟ್ ಕಮ್ ದಿಸ್ ವೀಕ್. ಇಟ್ ವುಡ್ ಬಿ ಗುಡ್ ಇಫ್ ಯು ಕೇಮ್ ಹಿಯರ್ ಇನ್‌ಸ್ಟೆಡ್.” ಮಾವ ಹೇಳದ ‘ಸೋ’ ಸೇರಿದೆ, ಕಾರಣ ಅವರ ಮಾತಿನ ಜೋಡಣೆಯಲ್ಲೇ ಇತ್ತು.