ಗಟ್ಟಿ ಇಂಗಿನ ಹಸಿ ವಾಸನೆ ಹೋಗ್ತಿಲ್ಲ

ಸುಮಾ: ಮೇಡಂ, ಗಟ್ಟಿ ಇಂಗನ್ನು ಹುಣಸೆ ಬೀಜದಷ್ಟು ಮುರಿದು ಚೆನ್ನಾಗಿ ಕಾದ ಎಣ್ಣೆಗೆ ಹಾಕಿದೆ. ಕಪ್ಪಾಯ್ತು. ಆದ್ರೂ ಸಾರಿನಲ್ಲಿ ಹಸಿ ವಾಸನೆ. ಯಾಕೆ?

ವೀಣಾ (ಆಹಾರ ತಂತ್ರಜ್ಞೆ): ಚೂರು ದೊಡ್ಡದಾಯ್ತು, ಎಣ್ಣೆ ಜಾಸ್ತಿ ಕಾದಿತ್ತು. ಹೊರಗೆ ಸೀದಿತು, ಒಳಗೆ ಅಂಟಂಟಾಗಿ ಹಸಿಯೇ ಉಳಿಯಿತು. ಸಾರು ಕುದಿಯುವಾಗ ಚೂರು ಕರಗಿ ಅದೆಲ್ಲ ಹೊರಬಂತು. ಇಂಗಿನ ಘಾಟು ಬರುವುದು ಅದರಲ್ಲಿರುವ ಗಂಧಕದ ಅಂಶಗಳಿಂದ. ಬೇಗ ಆವಿಯಾಗುವ ಜಾತಿ ಅವು. ಬಿಸಿ ಎಣ್ಣೆ ತಾಗಿದರೆ ಒಂದಷ್ಟು ಹಾರಿಹೋಗುತ್ತವೆ. ಒಂದಷ್ಟು ಒಡೆದು ಬೇರೆ ರೂಪ ತಾಳುತ್ತವೆ, ಹುರಿದ ಈರುಳ್ಳಿ ಬೆಳ್ಳುಳ್ಳಿಯ ಪರಿಮಳ ಬರುವುದು ಆಗಲೇ. ಅದು ಎಣ್ಣೆಯಲ್ಲಿ ಕರಗಿ ಅಡುಗೆಗೆಲ್ಲ ಹರಡುತ್ತದೆ.
ಮುಂದಿನ ಸಲ ಮೆಣಸಿನ ಕಾಳಿಗಿಂತ ಸಣ್ಣ ಚೂರು ಮಾಡಿ, ಸಣ್ಣ ಉರಿಯಲ್ಲಿ ಹುರಿಯಿರಿ. ಉಬ್ಬಿ ಹಗುರಾಗಬೇಕು. ಒಂದನ್ನು ತೆಗೆದು ಚಮಚದಲ್ಲಿ ಒತ್ತಿ ನೋಡಿ. ಪುಡಿಯಾದರೆ ಆಯ್ತು, ಅಂಟಿದರೆ ಇನ್ನೂ ಹಸಿ.

ರಾಘು: ನಮ್ಮನೇಲಿ ಪುಡಿ ಇಂಗು ಕಹಿಯಾಗುತ್ತೆ ಮೇಡಂ.

ವೀಣಾ: ಪುಡಿಯಲ್ಲಿ ಮೈದಾನೋ ಅಕ್ಕಿ ಹಿಟ್ಟೋ ಇರುತ್ತೆ, ಅದು ಸೀಯುತ್ತೆ. ಒಲೆ ಆರಿಸಿದ ಮೇಲೆ ಕೊನೆಯಲ್ಲಿ ಹಾಕಿ.

ಬಸವರಾಜ: ನೀರಿಗೆ ಹಾಕಿದಾಗ ಹಾಲಿನಂತಾದರೆ ಅಪ್ಪಟ ಇಂಗು ಅಂತೆ. ಗ್ರೂಪಲ್ಲಿ ಬಂದಿತ್ತು.

ವೀಣಾ: ಅರ್ಧ ಸರಿ. ಇಂಗಿನ ಅಂಟು ನೀರನ್ನು ಬೆಳ್ಳಗೆ ಮಾಡುತ್ತೆ, ನಿಜ. ಬೆರೆಸಿದ ಹಿಟ್ಟೂ ಮಾಡುತ್ತೆ.

ಗಿರಿಜಾ: ನಾವು ಮಜ್ಜಿಗೆಗೆ ಹಸಿಯಾಗೇ ಹಾಕ್ತೀವಿ ಕಣ್ರೀ. ಆ ಘಾಟೇ ರುಚಿ. ಹುರಿದ್ರೆ ಏನು ಉಳಿಯುತ್ತೆ?

ಸುಮಾ: ಗಿರಿಜಕ್ಕಾ, ನಾನು ಕೇಳಿದ್ದು ಸಾರಿನದು.

ಗಿರಿಜಾ: ಗೊತ್ತಮ್ಮ. ತುಪ್ಪದಲ್ಲಿ ಹಾಕಿದ್ರೆ ಈ ತಾಪತ್ರಯವೇ ಇಲ್ಲ.

ರಾಘು: ತುಪ್ಪ ಆದ್ರೂ ಉರಿ ಜಾಸ್ತಿ ಆದ್ರೆ ಸೀಯುತ್ತೆ. ನಮ್ಮಮ್ಮ ಶೇಂಗಾ ಎಣ್ಣೇಲೇ ಮಾಡೋದು, ಘಮ್ಮಂತಿರುತ್ತೆ.

ಗಿರಿಜಾ: ನಿಮ್ಮಮ್ಮನ ಸಾರು ನಾನು ತಿಂದಿಲ್ಲ ಬಿಡಿ.

ಕವಿತಾ: ಮಗುವಿಗೆ ಹೊಟ್ಟೆ ಉಬ್ಬರ. ಇಂಗಿನ ನೀರು ಎರಡು ಹನಿ ಕುಡಿಸಿ ಅಂತ ಫಾರ್ವರ್ಡ್ ಬಂದಿದೆ. ಐದು ವಾರದ ಮಗು.

ವೀಣಾ: ಕುಡಿಸಬೇಡಿ! ಇಷ್ಟೇ ವಯಸ್ಸಿನ ಮಗುವಿಗೆ ಇಂಗು ಕೊಟ್ಟು, ರಕ್ತ ಆಮ್ಲಜನಕ ಸಾಗಿಸಲಾಗದ ಸ್ಥಿತಿಗೆ ಹೋದದ್ದು ವೈದ್ಯಕೀಯ ವರದಿಯಲ್ಲಿದೆ. ಈಗಾಗಲೇ ಕುಡಿಸಿದ್ದರೆ, ತುಟಿ, ಉಗುರು ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಓಡಿ. ಉಬ್ಬರಕ್ಕೂ ಮಕ್ಕಳ ಡಾಕ್ಟರಿಗೇ ತೋರಿಸಿ. ಇಂಥ ಫಾರ್ವರ್ಡ್ ಇನ್ಮೇಲೆ ಇಲ್ಲಿಗೆ ತರಬೇಡಿ, ದಯವಿಟ್ಟು.

ಬಸವರಾಜ: ನಮ್ಮಜ್ಜಿ ಎಲ್ಲರಿಗೂ ಕುಡಿಸ್ತಿದ್ರು, ಏನೂ ಆಗಿಲ್ಲ.

ವೀಣಾ: ಆಗದವರು ಹೇಳ್ತಾರೆ, ಆದ ಮಗು ಹೇಳಲ್ಲ.

ಮಂಜುನಾಥ: ಪುಡಿ ಇಂಗು ಯಾವಾಗ ಹಾಕ್ಬೇಕು ಮೇಡಂ?

ವೀಣಾ: ಮೇಲೆ ಬರೆದಿದೆ.

ಶೈಲಾ: ಗಟ್ಟಿ ಇಂಗನ್ನು ನೀರಲ್ಲಿ ನೆನೆಸಿಟ್ಟು ಹಾಕಿದ್ರೆ ಹುರಿದಷ್ಟೇ ಪರಿಮಳ ಬರುತ್ತಾ?

ಗಿರಿಜಾ: ಬರುತ್ತೆ.

ರಾಘು: ಬರಲ್ಲ. ಕುದಿಯೋ ನೀರು ಎಣ್ಣೆಯಷ್ಟು ಬಿಸಿ ಆಗುತ್ತಾ?