ಸಹಾಯ ಬೇಕು: 2,400 ಪುಸ್ತಕಕ್ಕೆ ಎಷ್ಟು ರ‍್ಯಾಕ್ ಮಾಡಿಸಬೇಕು?

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ನಮ್ಮ ಶಾಲೆಯ ಲೈಬ್ರರಿಗೆ ಕಬ್ಬಿಣದ ರ‍್ಯಾಕ್ ಮಾಡಿಸುತ್ತಿದ್ದೇವೆ. ಪುಸ್ತಕ ಒಟ್ಟು 2,400. ದಪ್ಪ, ತೆಳು ಎಲ್ಲ ಬೆರೆಸಿ 50 ಪುಸ್ತಕ ಸಾಲಾಗಿ ನಿಲ್ಲಿಸಿ ಟೇಪ್ ಹಿಡಿದರೆ 90 ಸೆಂ.ಮೀ. ಬಂತು. ಅಂದರೆ ಸರಾಸರಿ 1.8 ಸೆಂ.ಮೀ., ಒಟ್ಟು 4,320 ಸೆಂ.ಮೀ. ಒಂದು ಖಾನೆಯ ಒಳಗಿನ ಉದ್ದ 90 ಸೆಂ.ಮೀ. ಭಾಗಿಸಿದರೆ 48 ಖಾನೆ. ರ‍್ಯಾಕಿಗೆ ಐದು ಖಾನೆ, ಹಾಗಾಗಿ 10 ರ‍್ಯಾಕ್ ಸಾಕು ಅನ್ನುತ್ತಾರೆ ವೆಲ್ಡಿಂಗ್ ಅಂಗಡಿಯ ಅಣ್ಣ.

ನನಗೆ ಅದು ಸರಿ ಅನ್ನಿಸುತ್ತಿಲ್ಲ. ಖಾನೆ ಬಿಗಿಯಾಗಿ ತುಂಬಿದರೆ ಮಕ್ಕಳು ಪುಸ್ತಕದ ಬೆನ್ನಿನ ತುದಿ ಹಿಡಿದು ಎಳೆಯುತ್ತಾರೆ, ರಟ್ಟು ಕಿತ್ತು ಬರುತ್ತದೆ. ಹೊಸ ಪುಸ್ತಕ ಬಂದರೆ ಎಲ್ಲಿಡೋದು? ಐದರಲ್ಲಿ ಒಂದು ಭಾಗ ಖಾಲಿ ಬಿಟ್ಟರೆ ಖಾನೆಗೆ 72 ಸೆಂ.ಮೀ., ಅಂದರೆ 40 ಪುಸ್ತಕ. ಆಗ 60 ಖಾನೆ, 12 ರ‍್ಯಾಕ್.

ಇನ್ನೊಂದು ಗೊಂದಲ. ವಿಷಯವಾರು ಜೋಡಿಸುವಾಗ ಪ್ರತಿ ವಿಷಯವೂ ಹೊಸ ಖಾನೆಯಿಂದ ಶುರುವಾಗುತ್ತದೆ. ವಿಜ್ಞಾನದ 210 ಪುಸ್ತಕಕ್ಕೆ ಐದೂಕಾಲು ಖಾನೆ ಅಂತ ಲೆಕ್ಕ ಬಂದರೂ ಆರು ಬೇಕು, ಅಲ್ವಾ? ನಿಘಂಟುಗಳ ದಪ್ಪವಂತೂ ಬೇರೆಯೇ. ಪ್ರತಿ ವಿಷಯದ ಸರಾಸರಿ ಬೇರೆ ಬೇರೆ ಅಳೆಯಬೇಕಾ, ಇಲ್ಲಾ ಸುಮ್ನೆ ಒಂದು ರ‍್ಯಾಕ್ ಜಾಸ್ತಿ ಮಾಡಿಸಿದರೆ ಸಾಕಾ? ಲೈಬ್ರರಿ ಜೋಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ. ಆರ್ಡರ್ ಈ ವಾರವೇ ಕೊಡಬೇಕು.