11.40 ಲಕ್ಷ ಬಾಕಿ: ಲೀಗಲ್ ನೋಟಿಸ್ ಕೊಡೋದಾ, ಇನ್ನೂ ಕಾಯೋದಾ?

ಕೇಳಿದವರು: ಪೀಣ್ಯದಲ್ಲಿ ಸಣ್ಣ ಮೆಷಿನ್ ಶಾಪ್ ಇದೆ. ಒಂದು ಕಂಪನಿಯಿಂದ 11.40 ಲಕ್ಷ ಬರಬೇಕು. ಫೋನ್, ವಾಟ್ಸಾಪ್, ಮೇಲ್ ಎಲ್ಲಾ ಆಯ್ತು. ಈಗ ನೋಟಿಸ್ ಕೊಟ್ಟರೆ ಆರ್ಡರ್ ಹೋಗುತ್ತೆ ಅನ್ನೋ ಭಯ. ಅನುಭವ ಇದ್ದವರು ಹೇಳಿ.

ಫ್ಯಾಬ್ರಿಕೇಷನ್ ಯುನಿಟ್, ಬೊಮ್ಮಸಂದ್ರ: ನಂದು 8.72 ಲಕ್ಷ ಇತ್ತು. ನೋಟಿಸ್‌ಗೆ ಮುಂಚೆ ಅವರ ಅಕೌಂಟ್ಸ್‌ಗೆ ಲೆಡ್ಜರ್ ಕಳಿಸಿ, "ಆಡಿಟ್‌ಗೆ ಬೇಕು, ಬ್ಯಾಲೆನ್ಸ್ ಕನ್ಫರ್ಮ್ ಮಾಡಿ" ಅಂದೆ. ಸಹಿ ಹಾಕಿ, ಸೀಲ್ ಹೊಡೆದು ವಾಪಸ್ ಕಳಿಸಿದರು. ಆಮೇಲೆ ವಕೀಲರ ನೋಟಿಸ್ ಹೋಯ್ತು ನೋಡಿ, ಅಲ್ಲಿಂದ ನಾಟಕ ಶುರು. ಯಾವಾಗಲೋ ಕೊಟ್ಟ ಬ್ರಾಕೆಟ್‌ಗಳ ವೆಲ್ಡಿಂಗ್ ಸರಿಯಿಲ್ಲ ಅಂತ 3.10 ಲಕ್ಷದ ಡೆಬಿಟ್ ನೋಟ್ ಬಂತು! ಸೀಲ್ ಹೊಡೆದ ಕಾಗದ ತೋರಿಸಿದ ಮೇಲೆ ಬಾಯಿ ಮುಚ್ಚಿದರು. ದಾವೆ ಹಾಕೋಕೆ ಇರೋ ಮೂರು ವರ್ಷದ ಗಡುವು ಮುಗಿಯೋದರೊಳಗೆ ಆ ಸಹಿ ಸಿಕ್ಕರೆ, ಗಡುವು ಆ ದಿನದಿಂದ ಮತ್ತೆ ಶುರು. ಅಸಲು ಬಂತು, ಬಡ್ಡಿ ಒಂದು ಪೈಸೆ ಬರಲಿಲ್ಲ. ವಕೀಲರಿಗೆ 6,500 ಕೊಟ್ಟಿದ್ದು ನನ್ನ ತಲೆ ಮೇಲೆ.

ಹಾರ್ಡ್‌ವೇರ್ ಹೋಲ್‌ಸೇಲ್, ದಾವಣಗೆರೆ: ಇಷ್ಟೆಲ್ಲಾ ಯಾಕೆ ಸ್ವಾಮಿ? ಸಣ್ಣ ಉದ್ಯಮ ಅಂತ ಸರ್ಕಾರ ಕೊಡೋ ಉದ್ಯಮ್ ಸರ್ಟಿಫಿಕೇಟ್ ತಗೊಳ್ಳಿ, ಸಣ್ಣ ಉದ್ಯಮಗಳ ಬಾಕಿ ಕೇಸ್ ನೋಡೋ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಹಾಕಿ. 45 ದಿನ ದಾಟಿದರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ನಾನೂ ಹಾಕ್ತಾ ಇದ್ದೀನಿ.

ಫ್ಯಾಬ್ರಿಕೇಷನ್ ಯುನಿಟ್, ಬೊಮ್ಮಸಂದ್ರ: ಬಡ್ಡಿ ಲೆಕ್ಕ ಸರಿ. ಆದರೆ ಮಾಲು ಕೊಟ್ಟ ಮೇಲೆ ಮಾಡಿಸಿದ ಉದ್ಯಮ್ ಹಳೇ ಬಿಲ್‌ಗೆ ನಡೆಯಲ್ಲ, 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮದು ಬರೀ ವ್ಯಾಪಾರ ಅಲ್ವಾ? ವ್ಯಾಪಾರಿಗಳ ಉದ್ಯಮ್ ಬ್ಯಾಂಕ್ ಸಾಲದ ಮಟ್ಟಿಗೆ ಮಾತ್ರ.

ಹಾರ್ಡ್‌ವೇರ್ ಹೋಲ್‌ಸೇಲ್, ದಾವಣಗೆರೆ: ನಮ್ಮ ಆಡಿಟರ್ ನಿಮಗಿಂತ ಜಾಸ್ತಿ ಓದಿದ್ದಾರೆ ಬಿಡಿ.

ಪ್ಯಾಕಿಂಗ್ ಬಾಕ್ಸ್, ಹುಬ್ಬಳ್ಳಿ: ನಮಗೆ 5 ಲಕ್ಷದ ಚೆಕ್ ಕೊಟ್ಟು ಬೌನ್ಸ್ ಮಾಡಿಸಿದ ಪುಣ್ಯಾತ್ಮ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನಮ್ಮ ವಕೀಲರು "ದೀಪಾವಳಿ ಮುಗೀಲಿ" ಅಂತ ಕೂತರು. ಚೆಕ್ ಕೇಸ್ ಅಲ್ಲಿಗೇ ಸತ್ತಿತು. ಆಮೇಲೆ ಸಿವಿಲ್ ದಾವೆ ಹಾಕಿ ಅಂದರು. ಅದಕ್ಕೂ ಮೊದಲು ಮಧ್ಯಸ್ಥಿಕೆಗೆ ಹೋಗಬೇಕಂತೆ, ಎದುರು ಪಾರ್ಟಿ ಆ ಕಡೆ ತಲೆ ಹಾಕಲಿಲ್ಲ. ಕೋರ್ಟ್ ಫೀಸ್, ಟೈಪಿಂಗ್, ಜೆರಾಕ್ಸ್ ಅಂತ ಇನ್ನೂ ಕೊಡ್ತಾನೇ ಇದ್ದೀನಿ.

ಫ್ಯಾಬ್ರಿಕೇಷನ್ ಯುನಿಟ್, ಬೊಮ್ಮಸಂದ್ರ: ಚೆಕ್ ತಾರೀಖಿನಿಂದ ಮೂರು ತಿಂಗಳೊಳಗೆ ಇನ್ನೊಮ್ಮೆ ಬ್ಯಾಂಕಿಗೆ ಹಾಕಬಹುದಿತ್ತು. ಮತ್ತೆ ಬೌನ್ಸ್ ಆದರೆ ಹೊಸ ಮೆಮೊ, ಹೊಸ 30 ದಿನ.

ಪ್ಯಾಕಿಂಗ್ ಬಾಕ್ಸ್, ಹುಬ್ಬಳ್ಳಿ: ಅಷ್ಟೊತ್ತಿಗೆ ಚೆಕ್ ಹಳೇದಾಗಿತ್ತು ಸಾರ್. ದುಡ್ಡು ಕಳ್ಕೊಂಡವನಿಗೆ ಪಾಠ ಹೇಳೋದು ಸುಲಭ. ನಿಮಗೆ ದುಡ್ಡು ಬಂತು, ಅದಕ್ಕೇ ಮಾತಾಡ್ತೀರಿ.

ಕೇಳಿದವರು: ನಮ್ಮ ಉದ್ಯಮ್ 2021ರದ್ದು, ಬಿಲ್ ಎಲ್ಲಾ ಆಮೇಲಿನವು. ಚೆಕ್ ಇಲ್ಲ. ಲೆಡ್ಜರ್ ಇವತ್ತೇ ಕಳಿಸಿದೆ. ಆರ್ಡರ್ ಹೋಗುತ್ತಾ ಅನ್ನೋದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಹಾರ್ಡ್‌ವೇರ್ ಹೋಲ್‌ಸೇಲ್, ದಾವಣಗೆರೆ: ದುಡ್ಡು ಕೊಡದವರ ಆರ್ಡರ್ ಇದ್ದರೇನು, ಹೋದರೇನು? ಬೊಮ್ಮಸಂದ್ರದವರೇ, 6,500 ಬರೀ ಒಂದು ನೋಟಿಸ್‌ಗಾ? ನಮ್ಮೂರಲ್ಲಿ 2,000ಕ್ಕೆ ಮಾಡಿಕೊಡ್ತಾರೆ.